ನುಣುಪನ್ನು ಓದುವ ಕಪ್ಪು-ಬಿಳಿ ಪಟ್ಟಿ

ಕಾರು ಕಾರ್ಖಾನೆಗಳಲ್ಲಿ ಬಣ್ಣ ಮುಗಿದ ಗಾಡಿಯನ್ನು ಹೊರಗೆ ಕಳಿಸುವ ಮುನ್ನ ಬೆಳಕಿನ ಸುರಂಗವೊಂದರ ಮೂಲಕ ಹಾಯಿಸುತ್ತಾರೆ. ಎರಡೂ ಬದಿಯಲ್ಲಿ, ತಲೆಯ ಮೇಲೆ, ಸಾಲು ಸಾಲಾಗಿ ಉದ್ದನೆಯ ಟ್ಯೂಬ್‌ಲೈಟ್‌ಗಳು. ತಪಾಸಣೆಗೆ ನಿಂತವರ ಕಣ್ಣು ಬಾಗಿಲ ಮೇಲಿದ್ದರೂ ಅವರು ನೋಡುತ್ತಿರುವುದು ಅದರಲ್ಲಿ ಮೂಡಿದ ದೀಪದ ಪ್ರತಿಬಿಂಬವನ್ನು. ಗೆರೆ ನೆಟ್ಟಗೆ ಸಾಗಿದರೆ ಗಾಡಿ ಪಾಸು. ಎಲ್ಲೋ ಒಂದು ಕಡೆ ಕೊಂಚ ಕೊಂಕಿದರೆ ಅಲ್ಲಿ ತಗ್ಗೋ ಉಬ್ಬೋ ಇದೆಯೆಂದು ಗುರುತು ಹಾಕುತ್ತಾರೆ. ಬಣ್ಣ ಕೆಡದ ಹಾಗೆ ಡೆಂಟ್ ತೆಗೆಯುವ ಕುಶಲಿಗರ ಕೈಯಲ್ಲೂ ಇಂಥದೇ ಉಪಾಯವಿದೆ. ಗೆರೆ ಎಳೆದ ಹಲಗೆಯನ್ನೋ ಪಟ್ಟಿ ಪಟ್ಟಿಯಾಗಿ ಉರಿಯುವ ದೀಪವನ್ನೋ ಗಾಡಿಯ ಪಕ್ಕ ನಿಲ್ಲಿಸಿಕೊಂಡು, ಪ್ರತಿಬಿಂಬದ ಗೆರೆಗಳು ನೆಟ್ಟಗಾಗುವವರೆಗೆ ತಗಡನ್ನು ಒಳಗಿನಿಂದ ಒತ್ತುತ್ತಾ ಹೋಗುತ್ತಾರೆ.

ವಸ್ತು ತಯಾರಾದ ಮೇಲೆ ಹೀಗೆ ನೋಡಬಹುದು. ಆದರೆ ಕೊಂಕು ವಿನ್ಯಾಸದಲ್ಲೇ ಇದ್ದರೆ? ಪ್ಲಾಸ್ಟಿಕ್ ವಸ್ತುವಿಗೆ ಉಕ್ಕಿನ ಅಚ್ಚು ಕೊರೆದಾದ ಮೇಲೆ ತಪ್ಪು ಕಂಡರೆ ತಿದ್ದುವುದು ದುಬಾರಿ, ಕೆಲವೊಮ್ಮೆ ಅಸಾಧ್ಯ. ಹಾಗಾಗಿ ಆ ದೀಪದ ಸುರಂಗವನ್ನೇ ಕಂಪ್ಯೂಟರ್ ಪರದೆಯೊಳಗೆ ತಂದುಕೊಂಡಿದ್ದಾರೆ. ರೈನೋ, ಸಾಲಿಡ್‌ವರ್ಕ್ಸ್, ಫ್ಯೂಷನ್, ಏಲಿಯಾಸ್ ಮುಂತಾದ ಕ್ಯಾಡ್ ತಂತ್ರಾಂಶಗಳಲ್ಲಿ ಇದಕ್ಕೆ ಜೀಬ್ರಾ ಎಂದೇ ಹೆಸರು. ಗುಂಡಿ ಒತ್ತಿದರೆ ಮಾದರಿಯ ಮೈಮೇಲೆಲ್ಲ ಕಪ್ಪು-ಬಿಳಿ ಪಟ್ಟಿಗಳು ಹರಡಿಕೊಳ್ಳುತ್ತವೆ. ನೋಡಿದವರಿಗೆ ಯಾರೋ ಬಣ್ಣ ಬಳಿದಂತೆ ಕಾಣುತ್ತದೆ. ಅಸಲಿಗೆ ತಂತ್ರಾಂಶ ಆ ಮಾದರಿಯನ್ನು ಕನ್ನಡಿಯಷ್ಟು ಹೊಳೆಯುವ ವಸ್ತುವೆಂದು ಭಾವಿಸಿ, ಅದರ ಸುತ್ತ ಕಪ್ಪು-ಬಿಳಿ ಪಟ್ಟಿಗಳ ಕೋಣೆಯೊಂದನ್ನು ಕಲ್ಪಿಸಿಕೊಂಡು, ನಾವು ನಿಂತಲ್ಲಿಂದ ಯಾವ ಬಿಂದುವಿನಲ್ಲಿ ಯಾವ ಪಟ್ಟಿ ಕಾಣುತ್ತದೆಂದು ಲೆಕ್ಕ ಹಾಕಿರುತ್ತದೆ. ಮಾದರಿಯನ್ನು ತಿರುಗಿಸಿದರೆ ಪಟ್ಟಿಗಳು ಹರಿದಾಡುವುದು ಇದಕ್ಕೇ. ಪ್ರತಿಬಿಂಬದ ಗೆರೆ ಹಿಡಿದು ಮೇಲ್ಮೈಯ ಲೋಪ ಪತ್ತೆ ಮಾಡಿ ತಿದ್ದುವ ಗಣಿತವನ್ನು ಆರ್. ಕ್ಲಾಸ್ ಎಂಬವರು 1980ರಲ್ಲೇ ಪ್ರಬಂಧವಾಗಿ ಪ್ರಕಟಿಸಿದ್ದರು. ಅಂದು ಲೆಕ್ಕ ಹಾಕಿ ಕಾಯಬೇಕಿದ್ದುದನ್ನು ಇಂದಿನ ಲ್ಯಾಪ್‌ಟಾಪು ಕೈ ಆಡಿಸಿದಂತೆಲ್ಲ ತೋರಿಸುತ್ತದೆ.

ಪ್ರತಿಬಿಂಬವನ್ನೇ ಏಕೆ ನಂಬಬೇಕು, ಅಳೆದು ನೋಡಬಾರದೇ ಎಂದು ಕೇಳಬಹುದು. ಒಂದು ಸಣ್ಣ ಲೆಕ್ಕ ಹಾಕೋಣ. ನುಣುಪಾದ ತಗಡೊಂದರ ಮೇಲೆ ನವಿರಾದ ಅಲೆಯಿದೆ ಎನ್ನಿ. ಉಬ್ಬಿನಿಂದ ಉಬ್ಬಿಗೆ 40 ಮಿ.ಮೀ., ಉಬ್ಬಿಗೂ ತಗ್ಗಿಗೂ ಎತ್ತರದ ವ್ಯತ್ಯಾಸ 0.02 ಮಿ.ಮೀ., ಅಂದರೆ ಬರೆಯುವ ಹಾಳೆಯ ದಪ್ಪದ ಐದನೇ ಒಂದು ಭಾಗ. ಬೆರಳು ಸವರಿದರೂ ಬಹುಮಂದಿಗೆ ಗೊತ್ತಾಗದು. ಈ ಅಲೆಯ ಅತಿ ಕಡಿದಾದ ಜಾಗದಲ್ಲಿ ಮೇಲ್ಮೈ ವಾಲಿರುವುದು ಒಂದು ಡಿಗ್ರಿಯ ಹನ್ನೊಂದನೇ ಒಂದು ಭಾಗದಷ್ಟು ಮಾತ್ರ. ಆದರೆ ಕನ್ನಡಿ ಎಷ್ಟು ವಾಲುತ್ತದೋ ಅದರ ಎರಡರಷ್ಟು ಕೋನಕ್ಕೆ ಪ್ರತಿಫಲಿಸಿದ ಕಿರಣ ವಾಲುತ್ತದೆ. ಮೂರು ಮೀಟರ್ ದೂರದಲ್ಲಿ ಟ್ಯೂಬ್‌ಲೈಟ್ ಇದ್ದರೆ, ಅಲ್ಲಿ ಈ ಇಮ್ಮಡಿ ಕೋನ ಸುಮಾರು 9 ಮಿ.ಮೀ. ಸರಿತವಾಗುತ್ತದೆ. ಮುಂದಿನ ಇಳಿಜಾರಿನಲ್ಲಿ ಅದೇ ಸರಿತ ಎದುರು ದಿಕ್ಕಿಗೆ. 0.02 ಮಿ.ಮೀ. ದೋಷವನ್ನು ಬೆಳಕು ನೂರಾರು ಪಟ್ಟು ಹಿಗ್ಗಿಸಿ ಕಣ್ಣ ಮುಂದಿಡುತ್ತದೆ. ಹೊಳೆಯುವ ಫ್ರಿಜ್ ಬಾಗಿಲಲ್ಲಿ ಅಡುಗೆಮನೆಯ ಟ್ಯೂಬ್‌ಲೈಟು ಹಾವಿನಂತೆ ಕಾಣುವುದರ ಗುಟ್ಟು ಇಷ್ಟೇ.

ಇಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಪ್ರತಿಬಿಂಬ ಎಲ್ಲಿ ಬೀಳುತ್ತದೆ ಎಂಬುದನ್ನು ಬಹುಪಾಲು ನಿರ್ಧರಿಸುವುದು ಆ ಬಿಂದುವಿನ ವಾಲು, ಎತ್ತರದ ಪಾತ್ರ ತೀರಾ ಕಡಿಮೆ. ಆದ್ದರಿಂದ ಮೇಲ್ಮೈಯಲ್ಲಿ ವಾಲು ಥಟ್ಟನೆ ಬದಲಾದ ಕಡೆ ಪಟ್ಟಿ ತುಂಡಾಗುತ್ತದೆ. ವಾಲು ಸರಾಗವಾಗಿದ್ದು ಅದು ಬದಲಾಗುವ ವೇಗ ಥಟ್ಟನೆ ಬದಲಾದ ಕಡೆ ಪಟ್ಟಿ ತುಂಡಾಗುವುದಿಲ್ಲ, ಮುರಿದ ಮೊಣಕೈಯ ಹಾಗೆ ಮಡಚಿಕೊಳ್ಳುತ್ತದೆ. ವಾಲು ಬದಲಾಗುವ ಆ ವೇಗಕ್ಕೇ ವಕ್ರತೆ ಎನ್ನುವುದು. ವೃತ್ತದ ಮಟ್ಟಿಗೆ ಹೇಳುವುದಾದರೆ, ಒಂದನ್ನು ತ್ರಿಜ್ಯದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ವಕ್ರತೆ. ಚಿಕ್ಕ ವೃತ್ತಕ್ಕೆ ಹೆಚ್ಚು, ದೊಡ್ಡ ವೃತ್ತಕ್ಕೆ ಕಡಿಮೆ, ನೇರ ಗೆರೆಗೆ ಸೊನ್ನೆ.

ಎರಡು ಮೇಲ್ಮೈಗಳು ಕೂಡುವ ಗೆರೆಯಲ್ಲಿ ಎಷ್ಟರ ಮಟ್ಟಿಗೆ ಹೊಂದಿಕೆಯಿದೆ ಎಂಬುದನ್ನು ವಿನ್ಯಾಸಕಾರರು G0, G1, G2 ಎಂದು ಗುರುತಿಸುವುದೂ ಈ ಲೆಕ್ಕದಿಂದಲೇ. G0 ಎಂದರೆ ಅಂಚಿಗೆ ಅಂಚು ತಾಗಿದೆ, ಅಷ್ಟೆ. ಜೀಬ್ರಾ ಪಟ್ಟಿ ಒಂದು ಕಡೆ ಬಂದು ನಿಂತು, ಇನ್ನೊಂದು ಕಡೆ ಬೇರೆಲ್ಲೋ ಶುರುವಾಗುತ್ತದೆ. G1 ಎಂದರೆ ವಾಲೂ ಹೊಂದಿದೆ. ಪಟ್ಟಿಗಳು ಒಂದಕ್ಕೊಂದು ಸೇರುತ್ತವೆ, ಆದರೆ ಕೂಡುಗೆರೆಯ ಮೇಲೆ ಮಡಚುತ್ತವೆ. G2 ಎಂದರೆ ವಕ್ರತೆಯೂ ಹೊಂದಿದೆ. ಕೂಡುಗೆರೆ ಎಲ್ಲಿದೆಯೆಂದು ಪಟ್ಟಿ ನೋಡಿ ಹೇಳಲಾಗುವುದಿಲ್ಲ. ಇದರಾಚೆ G3 ಕೂಡ ಇದೆ. ಕಾರಿನ ಬಾನೆಟ್ಟಿನಂಥ ದೊಡ್ಡ ಹೊಳಪಿನ ಮೈಗೆ ಅದನ್ನು ಬಯಸುವವರಿದ್ದಾರೆ, ಮನೆಬಳಕೆಯ ಸಾಮಾನಿಗೆ ಅದರ ತಲೆನೋವು ಸಾಮಾನ್ಯವಾಗಿ ಬೇಕಿಲ್ಲ.

ಒಂದು ಮಾದರಿಯನ್ನು ಹಿಡಿದುಕೊಂಡು ಇದನ್ನು ನೋಡೋಣ. ಹೊಳೆಯುವ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಮಾಡಬೇಕಾದ ಮಿಕ್ಸಿಯ ಕೆಳಭಾಗ, ಮೋಟಾರು ಕೂರುವ ಡಬ್ಬ. ಲೆಕ್ಕ ಸರಳವಾಗಲಿ ಎಂದು ಅದರ ಮೇಲ್ಭಾಗ ಚಪ್ಪಟೆ, ಮುಂಬದಿಯ ಗೋಡೆ ನೆಟ್ಟಗೆ ಎಂದುಕೊಳ್ಳೋಣ. ಎರಡೂ ಸೇರುವ ಅಂಚು ಚೂಪಾಗಿರಬಾರದಲ್ಲ, ಅದನ್ನು 12 ಮಿ.ಮೀ. ತ್ರಿಜ್ಯದಲ್ಲಿ ದುಂಡಗೆ ಮಾಡಬೇಕು. ಯಾವ ಕ್ಯಾಡ್ ತಂತ್ರಾಂಶದಲ್ಲೂ ಇದು ಕ್ಷಣದ ಕೆಲಸ: ಅಂಚನ್ನು ಆರಿಸಿ, ಫಿಲೆಟ್ ಎಂದು ಹೇಳಿ, 12 ಎಂದು ಬರೆದರೆ ಮುಗಿಯಿತು. ಕಾಲು ವೃತ್ತದ ಕಂಬದಂಥ ಮೇಲ್ಮೈಯೊಂದು ನಡುವೆ ಬಂದು ಕೂರುತ್ತದೆ. ಸಾಮಾನ್ಯ ಬಣ್ಣದಲ್ಲಿ ನೋಡಿದರೆ ಏನೂ ಕೊರತೆ ಕಾಣದು.

ಈಗ Zebra ಆಜ್ಞೆ ಕೊಡಿ. ಮೊದಲ ನೋಟಕ್ಕೆ ಇನ್ನೂ ಏನೂ ಕಾಣದೇ ಇರಬಹುದು, ಅಲ್ಲೇ ಹೊಸಬರು ಮೋಸಹೋಗುತ್ತಾರೆ. ಪಟ್ಟಿಗಳು ಅಂಚಿಗೆ ಸಮಾನಾಂತರವಾಗಿ ಬಿದ್ದಿದ್ದರೆ ಅವು ಕೂಡುಗೆರೆಯನ್ನು ದಾಟುವುದೇ ಇಲ್ಲ. ಚಪ್ಪಟೆ ಭಾಗದಲ್ಲಿ ಅಗಲವಾಗಿ, ದುಂಡು ಭಾಗದಲ್ಲಿ ಒತ್ತೊತ್ತಾಗಿ ಕಾಣುತ್ತವೆ, ಅಷ್ಟೆ. ಅಂಚಿಗೆ ಸರಿಯಾಗಿ ಅಡ್ಡ ಬಿದ್ದಿದ್ದರೆ ಮಡಚದೆ ಸಲೀಸಾಗಿ ದಾಟಿಬಿಡುತ್ತವೆ. ಮಾದರಿಯನ್ನು ಓರೆಯಾಗಿ ತಿರುಗಿಸಿದಾಗಲೇ ಬಣ್ಣ ಬಯಲಾಗುವುದು. ಚಪ್ಪಟೆಯ ಮೇಲೆ ಅಗಲವಾಗಿ ನೇರ ಬಂದ ಪಟ್ಟಿ ಕೂಡುಗೆರೆ ತಲುಪಿದ್ದೇ ತಡ, ಚೂಪಾಗಿ ಮಡಚಿ ಅಂಚಿನ ಉದ್ದಕ್ಕೂ ಓಡತೊಡಗುತ್ತದೆ. ಗೋಡೆ ಶುರುವಾಗುವ ಇನ್ನೊಂದು ಗೆರೆಯಲ್ಲಿ ಮತ್ತೆ ಅದೇ ಮಡಿಕೆ. ಆದ್ದರಿಂದ ಜೀಬ್ರಾವನ್ನು ನಿಂತ ಚಿತ್ರವಾಗಿ ನೋಡಿ ತೀರ್ಪು ಕೊಡಬಾರದು. ಮಾದರಿಯನ್ನು ನಿಧಾನವಾಗಿ ಹೊರಳಿಸುತ್ತಾ, ಪಟ್ಟಿಯ ದಿಕ್ಕನ್ನು ಅಡ್ಡದಿಂದ ಉದ್ದಕ್ಕೆ ಬದಲಿಸುತ್ತಾ, ಅಗಲವನ್ನು ದಪ್ಪದಿಂದ ತೆಳುವಿಗೆ ಇಳಿಸುತ್ತಾ ನೋಡಬೇಕು. ದಪ್ಪ ಪಟ್ಟಿ ಒಟ್ಟು ಹರಿವನ್ನು ತೋರಿಸುತ್ತದೆ, ತೆಳು ಪಟ್ಟಿ ಸಣ್ಣ ನಡುಕವನ್ನು ಹಿಡಿಯುತ್ತದೆ.

ಇನ್ನೊಂದು ಮೋಸ ತಂತ್ರಾಂಶದ ಕಡೆಯಿಂದಲೇ ಬರುತ್ತದೆ. ಪರದೆಗೆ ತರಲೆಂದು ಅದು ನುಣುಪು ಮೇಲ್ಮೈಯನ್ನು ಸಣ್ಣ ಸಣ್ಣ ತ್ರಿಕೋನಗಳಾಗಿ ಒಡೆದುಕೊಂಡಿರುತ್ತದೆ. ತ್ರಿಕೋನಗಳು ದೊಡ್ಡದಾಗಿದ್ದರೆ ಪಟ್ಟಿಯ ಅಂಚು ಗರಗಸದಂತೆ ಕಾಣುತ್ತದೆ. ಆಗ ಮೇಲ್ಮೈಯನ್ನು ತಿದ್ದಲು ಹೊರಟವರು ಇಲ್ಲದ ರೋಗಕ್ಕೆ ಔಷಧಿ ಕೊಟ್ಟಂತೆ. ರೈನೋದಲ್ಲಿ ಜೀಬ್ರಾ ಕಿಟಕಿಯಲ್ಲೇ ಜಾಲರಿಯನ್ನು ಸಣ್ಣದಾಗಿಸುವ ಅವಕಾಶವಿದೆ. ಸಣ್ಣದಾಗಿಸಿದ ಮೇಲೆ ಗರಗಸ ಮಾಯವಾದರೆ ತಪ್ಪು ಚಿತ್ರದ್ದು, ಉಳಿದುಕೊಂಡರೆ ಮೇಲ್ಮೈಯದು.

ನಮ್ಮ ಮಿಕ್ಸಿ ಡಬ್ಬದಲ್ಲಿ ಮಡಿಕೆ ಇದೆಯೆಂದು ಜೀಬ್ರಾ ತೋರಿಸಿತು. ಎಷ್ಟು, ಏಕೆ ಎಂದು ಅದು ಹೇಳುವುದಿಲ್ಲ. ಅದಕ್ಕೆ ವಕ್ರತೆಯ ನಕ್ಷೆ ಬೇಕು. ಅದರ ಅತಿ ಸರಳ ರೂಪವೇ ಬಾಚಣಿಗೆ. ಡಬ್ಬವನ್ನು ಅಂಚಿಗೆ ಅಡ್ಡಲಾಗಿ ಕತ್ತರಿಸಿದಾಗ ಸಿಗುವ ಗೆರೆಯನ್ನು ತೆಗೆದುಕೊಂಡು CurvatureGraph ಎಂದರೆ, ಗೆರೆಯ ಪ್ರತಿ ಬಿಂದುವಿನಿಂದ ಲಂಬವಾಗಿ ಒಂದೊಂದು ಕಡ್ಡಿ ಎದ್ದು ನಿಲ್ಲುತ್ತದೆ. ವಕ್ರತೆ ಹೆಚ್ಚಿದ್ದಲ್ಲಿ ಉದ್ದ ಕಡ್ಡಿ, ಕಡಿಮೆಯಿದ್ದಲ್ಲಿ ಗಿಡ್ಡ, ನೇರ ಗೆರೆಯ ಮೇಲೆ ಕಡ್ಡಿಯೇ ಇಲ್ಲ. ನಮ್ಮ ಗೆರೆಯಲ್ಲಿ ಚಪ್ಪಟೆ ಭಾಗದುದ್ದಕ್ಕೂ ಸೊನ್ನೆ. ಫಿಲೆಟ್ ಶುರುವಾದ ಬಿಂದುವಿನಲ್ಲಿ ಕಡ್ಡಿ ಒಮ್ಮೆಲೇ 1/12ಕ್ಕೆ, ಅಂದರೆ 0.083ಕ್ಕೆ ಜಿಗಿಯುತ್ತದೆ. ಕೊನೆಯವರೆಗೆ ಅಲ್ಲೇ ನಿಂತು, ಗೋಡೆ ಬಂದೊಡನೆ ಮತ್ತೆ ಸೊನ್ನೆಗೆ ಬೀಳುತ್ತದೆ. ಬಾಚಣಿಗೆಯ ತುದಿಗಳನ್ನು ಸೇರಿಸಿದರೆ ನೆಟ್ಟನೆ ಗೋಡೆಯ ಪೆಟ್ಟಿಗೆಯಂಥ ಆಕಾರ. ಜೀಬ್ರಾದಲ್ಲಿ ಕಂಡ ಎರಡು ಮಡಿಕೆಗಳು ಈ ಪೆಟ್ಟಿಗೆಯ ಎರಡು ಗೋಡೆಗಳೇ.

ರೈಲು ಹಳಿ ಹಾಕುವವರಿಗೆ ಈ ಪೆಟ್ಟಿಗೆ ಬಹಳ ಹಿಂದಿನಿಂದ ಪರಿಚಿತ. ನೇರ ಹಳಿಯನ್ನು ಸೀದಾ ವೃತ್ತದ ತಿರುವಿಗೆ ಜೋಡಿಸಿದರೆ ಬೋಗಿಯಲ್ಲಿ ಕೂತವರು ಪಕ್ಕಕ್ಕೆ ಎಸೆದಂತಾಗುತ್ತಾರೆ. ಅದಕ್ಕೇ ನಡುವೆ ವಕ್ರತೆ ಸ್ವಲ್ಪ ಸ್ವಲ್ಪವೇ ಏರುವ ಒಂದು ತುಂಡನ್ನು ಸೇರಿಸುತ್ತಾರೆ. ನಮ್ಮ ಡಬ್ಬದ ಅಂಚಿಗೂ ಬೇಕಾಗಿರುವುದು ಅದೇ: ಬಾಚಣಿಗೆ ಸೊನ್ನೆಯಿಂದ ಮೆಲ್ಲಗೆ ಏರಿ, ನಡುವೆ ಶಿಖರ ಮುಟ್ಟಿ, ಮೆಲ್ಲಗೆ ಸೊನ್ನೆಗೆ ಇಳಿಯಬೇಕು.

ಆದರೆ ಅದನ್ನು ಪುಕ್ಕಟೆಯಾಗಿ ಪಡೆಯಲಾಗುವುದಿಲ್ಲ, ಮತ್ತು ಎಷ್ಟು ಬೆಲೆ ತೆರಬೇಕೆಂದು ಬಾಚಣಿಗೆಯೇ ಹೇಳುತ್ತದೆ. ಬಾಚಣಿಗೆಯ ಕೆಳಗಿನ ವಿಸ್ತೀರ್ಣ ಎಂದರೆ ಗೆರೆ ಒಟ್ಟು ತಿರುಗಿದ ಕೋನ. ನಮ್ಮ ಅಂಚು ಹೇಗೇ ತಿರುಗಲಿ, ಒಟ್ಟು 90 ಡಿಗ್ರಿ ತಿರುಗಲೇಬೇಕು; ರೇಡಿಯನ್ ಲೆಕ್ಕದಲ್ಲಿ 1.57. ಫಿಲೆಟ್ಟಿನ ಕಮಾನಿನ ಉದ್ದ 18.85 ಮಿ.ಮೀ., ಎತ್ತರ 0.083, ಗುಣಿಸಿದರೆ 1.57. ಈಗ ಅದೇ ಉದ್ದದಲ್ಲಿ ಪೆಟ್ಟಿಗೆಯ ಬದಲು ತ್ರಿಕೋನ ಬೇಕೆಂದರೆ, ವಿಸ್ತೀರ್ಣ ಬದಲಾಗುವಂತಿಲ್ಲವಾದ್ದರಿಂದ ಶಿಖರ ಎರಡರಷ್ಟು ಎತ್ತರವಾಗಬೇಕು. ಅಂದರೆ ಅಂಚಿನ ನಡುಮಧ್ಯದಲ್ಲಿ ತ್ರಿಜ್ಯ 12ರಿಂದ 6 ಮಿ.ಮೀ.ಗೆ ಇಳಿಯುತ್ತದೆ. ಪಟ್ಟಿಗಳು ಸರಾಗವಾದವು, ಅಂಚು ಮಾತ್ರ ಕೈಗೆ ಚೂಪೆನಿಸತೊಡಗಿತು. ಬೇಡ, ಅತಿ ಚಿಕ್ಕ ತ್ರಿಜ್ಯ 12ರಲ್ಲೇ ಉಳಿಯಲಿ ಎಂದರೆ, ಉದ್ದವನ್ನು ಎರಡರಷ್ಟು ಮಾಡಬೇಕು. ಆಗ ಬಾಗು ಶುರುವಾಗುವುದು ಮೂಲೆಯಿಂದ 12 ಮಿ.ಮೀ. ದೂರದಲ್ಲಲ್ಲ, 22 ಮಿ.ಮೀ.ಗೂ ಆಚೆ. ಮಿಕ್ಸಿಯ ಮೇಲ್ಭಾಗದಲ್ಲಿ ಜಾರು ಕೂರುವ ಜಾಗ, ಮುಂಬದಿಯಲ್ಲಿ ತಿರುವು ಗುಂಡಿಯ ಜಾಗ, ಎರಡನ್ನೂ ಅಂಚು ತಿನ್ನತೊಡಗುತ್ತದೆ. ಎಂಜಿನಿಯರ್ ಒಪ್ಪುವುದಿಲ್ಲ. ಕಚೇರಿಗಳಲ್ಲಿ ನಡೆಯುವ ಜಗಳದ ಮೂಲ ಬಹುಪಾಲು ಇಲ್ಲಿದೆ. ಒಬ್ಬರಿಗೆ ಪಟ್ಟಿ ಹರಿಯಬೇಕು, ಇನ್ನೊಬ್ಬರಿಗೆ ಜಾಗ ಬೇಕು.

ನಡುವಿನ ದಾರಿ ಹಿಡಿಯೋಣ. ಅತಿ ಚಿಕ್ಕ ತ್ರಿಜ್ಯ 9 ಮಿ.ಮೀ. ಆಗಲೆಂದು ಬಿಟ್ಟರೆ, ಬಾಗು ಮೂಲೆಯಿಂದ ಸುಮಾರು 17 ಮಿ.ಮೀ. ದೂರದಲ್ಲಿ ಶುರುವಾಗುತ್ತದೆ. ಫಿಲೆಟ್ಟಿಗಿಂತ ಎರಡೂ ಬದಿಗೆ 5 ಮಿ.ಮೀ. ಜಾಸ್ತಿ, ಅಷ್ಟನ್ನು ಎಂಜಿನಿಯರ್ ಬಿಟ್ಟುಕೊಡಬಹುದು. ಇಲ್ಲಿ ಒಳಮೈಯನ್ನೂ ಮರೆಯುವಂತಿಲ್ಲ. ಪ್ಲಾಸ್ಟಿಕ್ ಗೋಡೆ 2.5 ಮಿ.ಮೀ. ದಪ್ಪ ಎಂದಾದರೆ ಹೊರಗೆ 9 ಇದ್ದ ತ್ರಿಜ್ಯ ಒಳಗೆ 6.5 ಆಗುತ್ತದೆ, ತೊಂದರೆಯಿಲ್ಲ. ಹೊರಗಿನ ತ್ರಿಜ್ಯವೇ ಗೋಡೆಯ ದಪ್ಪಕ್ಕಿಂತ ಕಡಿಮೆಯಾದ ಕಡೆ ಮಾತ್ರ ಒಳಮೈ ತನ್ನನ್ನೇ ದಾಟಿ ಸುರುಟಿಕೊಳ್ಳುತ್ತದೆ, ಮಾದರಿಗೆ ದಪ್ಪ ಕೊಡುವ ಆಜ್ಞೆ ಅಲ್ಲಿ ಕೆಟ್ಟು ನಿಲ್ಲುತ್ತದೆ. ವಕ್ರತೆಯ ನಕ್ಷೆಯಲ್ಲಿ ಅತಿ ಚಿಕ್ಕ ತ್ರಿಜ್ಯ ಎಲ್ಲಿದೆ ಎಂದು ನೋಡಿಕೊಂಡರೆ ಇದು ಮೊದಲೇ ಗೊತ್ತಾಗುತ್ತದೆ.

ಕೆಲಸ ಹೀಗೆ ಸಾಗುತ್ತದೆ. ಫಿಲೆಟ್ಟನ್ನು ಅಳಿಸಿ, ಮೇಲ್ಭಾಗವನ್ನೂ ಗೋಡೆಯನ್ನೂ ಮೂಲೆಯಿಂದ 17 ಮಿ.ಮೀ. ಹಿಂದಕ್ಕೆ ಕತ್ತರಿಸಿ, ನಡುವಿನ ಖಾಲಿ ಜಾಗಕ್ಕೆ BlendSrf ಆಜ್ಞೆಯಲ್ಲಿ ಎರಡೂ ಅಂಚಿಗೆ ವಕ್ರತೆಯ ಹೊಂದಿಕೆಯನ್ನು ಆರಿಸುತ್ತಾರೆ. ಆಜ್ಞೆ ಕೊಡುವ ಜಾರುಗುಂಡಿಗಳನ್ನು ಅತ್ತಿತ್ತ ಎಳೆದಾಗ ಶಿಖರ ಎತ್ತರವಾಗುತ್ತದೆ, ತಗ್ಗುತ್ತದೆ. ತೀರಾ ತಗ್ಗಿಸಿದರೆ ಒಂದು ಶಿಖರದ ಬದಲು ಎರಡು ಗೂನು ಏಳುತ್ತವೆ. ಪಟ್ಟಿಗಳು ಆಗ ಅಂಚಿನ ನಡುವೆ ಹಿಗ್ಗಿ ಎರಡು ಬದಿಗೆ ಕುಗ್ಗುತ್ತವೆ, ಹೊಳಪು ಎರಡು ಗೆರೆಯಾಗಿ ಸೀಳಿದಂತೆ ಕಾಣುತ್ತದೆ. ಬಾಚಣಿಗೆಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಂಡೇ ಇದನ್ನು ಮಾಡುವುದು ಜಾಣತನ.

ಬಾಚಣಿಗೆ ನೋಡುವಾಗ ಕಡ್ಡಿಯ ಎತ್ತರಕ್ಕಿಂತ ಅದು ಎಷ್ಟು ಸಲ ಏರಿ ಇಳಿಯುತ್ತದೆ ಎಂಬುದನ್ನು ನಾನು ಮೊದಲು ನೋಡುತ್ತೇನೆ. ಕೂಡುಗೆರೆಯಲ್ಲಿ G2 ಸಿಕ್ಕಿದೆಯೆಂದು ತಂತ್ರಾಂಶ ಹಸಿರು ನಿಶಾನೆ ತೋರಿಸಿದರೂ ಮೇಲ್ಮೈ ಕೆಟ್ಟಿರಬಹುದು. ಎರಡು ಮೇಲ್ಮೈಗಳನ್ನು ಬಲವಂತವಾಗಿ ಹೊಂದಿಸಿದಾಗ ಹೆಚ್ಚಾಗಿ ಆಗುವುದು ಇದೇ: ಅಂಚಿನಲ್ಲಿದ್ದ ಕೊಂಕು ಒಂದೆರಡು ಸೆಂಟಿಮೀಟರ್ ಒಳಕ್ಕೆ ಸರಿದು ಅಲೆಯಾಗಿ ಕೂರುತ್ತದೆ. ಬಾಚಣಿಗೆ ಕೂಡುಗೆರೆಯನ್ನು ಸರಾಗವಾಗಿ ದಾಟಿ, ಮುಂದೆ ನಡುಗುತ್ತದೆ. ಇದಕ್ಕೆ ಕಾರಣ ಬಹುಮಟ್ಟಿಗೆ ನಿಯಂತ್ರಣ ಬಿಂದುಗಳ ಗುಂಪು. ಮೇಲ್ಮೈಯನ್ನು ಎಳೆದು ಬಾಗಿಸುವ ಹಿಡಿಕೆಗಳಿವು. ರೆನೋ ಕಾರು ಕಂಪನಿಯಲ್ಲಿ ಪಿಯರ್ ಬೆಜಿಯೆ 1960ರ ದಶಕದಲ್ಲಿ ಬಳಕೆಗೆ ತಂದ ವಿಧಾನದ ಸಂತಾನ. ಒಂದು ತುದಿಯಲ್ಲಿ ಜಾಗ, ವಾಲು, ವಕ್ರತೆ ಮೂರನ್ನೂ ಹಿಡಿದಿಡಲು ಮೂರು ಬಿಂದುಗಳು ಸಾಕು. ಎರಡು ತುದಿಗೆ ಆರು. ಆರು ಬಿಂದುಗಳ, ಐದನೇ ಘಾತದ ಒಂದೇ ತುಂಡಿನ ಮೇಲ್ಮೈ ನಮ್ಮ ಅಂಚಿಗೆ ಸಾಕಾಗುತ್ತದೆ. ಅದೇ ಕೆಲಸಕ್ಕೆ ಇಪ್ಪತ್ತು ಬಿಂದುಗಳಿದ್ದರೆ ಒಂದೊಂದೂ ತನಗೆ ತೋಚಿದಂತೆ ಚೂರು ಆಚೀಚೆ ಇರುತ್ತದೆ, ಬಾಚಣಿಗೆ ಅದನ್ನು ಅಲೆಯಾಗಿ ತೋರಿಸುತ್ತದೆ. ಬಿಂದುಗಳನ್ನು ಒಂದೊಂದಾಗಿ ತಿದ್ದುತ್ತಾ ಕೂರುವುದಕ್ಕಿಂತ ಕಡಿಮೆ ಬಿಂದುಗಳಲ್ಲಿ ಹೊಸದಾಗಿ ಕಟ್ಟುವುದೇ ಬೇಗ ಮುಗಿಯುವ ಕೆಲಸ.

ಬಾಚಣಿಗೆ ಒಂದು ಗೆರೆಯ ಮೇಲೆ ಮಾತ್ರ ನಿಲ್ಲುತ್ತದೆ. ಇಡೀ ಮೇಲ್ಮೈಯನ್ನು ಒಮ್ಮೆಗೇ ನೋಡಲು ಬಣ್ಣದ ನಕ್ಷೆ ಇದೆ, ರೈನೋದಲ್ಲಿ CurvatureAnalysis. ಅದು ಮೊದಲು ತೋರಿಸುವುದು ಗಾಸ್ ವಕ್ರತೆಯನ್ನು. ಕಾರ್ಲ್ ಫ್ರೀಡ್ರಿಕ್ ಗಾಸ್ 1827ರ ತನ್ನ ಪ್ರಬಂಧದಲ್ಲಿ ಬಾಗಿದ ಮೇಲ್ಮೈಗಳ ಬಗ್ಗೆ ಬರೆದಾಗ ಮಿಕ್ಸಿ ಅವನ ಕನಸಿನಲ್ಲೂ ಇದ್ದಿರಲಾರದು. ಒಂದು ಬಿಂದುವಿನಲ್ಲಿ ಮೇಲ್ಮೈ ಅತಿ ಹೆಚ್ಚು ಬಾಗುವ ದಿಕ್ಕಿನ ವಕ್ರತೆಯನ್ನು, ಅತಿ ಕಡಿಮೆ ಬಾಗುವ ದಿಕ್ಕಿನ ವಕ್ರತೆಯಿಂದ ಗುಣಿಸಿದರೆ ಬರುವುದು ಗಾಸ್ ವಕ್ರತೆ. ಚೆಂಡಿನಂತೆ ಎರಡೂ ದಿಕ್ಕಿಗೆ ಒಂದೇ ಕಡೆ ಬಾಗಿದ್ದರೆ ಧನ, ನಕ್ಷೆಯಲ್ಲಿ ಕೆಂಪು. ಕುದುರೆಯ ಜೀನಿನಂತೆ ಒಂದು ದಿಕ್ಕಿಗೆ ಮೇಲೆ ಇನ್ನೊಂದಕ್ಕೆ ಕೆಳಗೆ ಬಾಗಿದ್ದರೆ ಋಣ, ನೀಲಿ. ಯಾವುದಾದರೂ ಒಂದು ದಿಕ್ಕು ನೇರವಾಗಿದ್ದರೆ ಸೊನ್ನೆ, ಹಸಿರು.

ಈ ಗುಣಾಕಾರದಲ್ಲೇ ಒಂದು ಬಲೆಯಿದೆ. ನಮ್ಮ ಡಬ್ಬದ ಹಳೆಯ ಫಿಲೆಟ್ ಅಂಚನ್ನು ಈ ನಕ್ಷೆಯಲ್ಲಿ ನೋಡಿದರೆ ಏನು ಕಾಣುತ್ತದೆ? ಚಪ್ಪಟೆ ಭಾಗ ಸೊನ್ನೆ. ಗೋಡೆ ಸೊನ್ನೆ. ಫಿಲೆಟ್ಟು ಅಡ್ಡಲಾಗಿ 0.083ರಷ್ಟು ಬಾಗಿದ್ದರೂ ಉದ್ದಕ್ಕೆ ನೇರವಾಗಿರುವುದರಿಂದ ಗುಣಲಬ್ಧ ಸೊನ್ನೆಯೇ. ಇಡೀ ಡಬ್ಬ ಒಂದೇ ಹಸಿರು. ಜೀಬ್ರಾದಲ್ಲಿ ಎದ್ದು ಕಂಡ ಎರಡು ಮಡಿಕೆಗಳ ಸುಳಿವೇ ಇಲ್ಲ. ಒಂದು ದಿಕ್ಕಿಗೆ ಮಾತ್ರ ಬಾಗಿದ ಮೈಗೆ ಗಾಸ್ ನಕ್ಷೆ ಕುರುಡು. ಸುಕ್ಕು ಸುಕ್ಕಾದ ಸಿಮೆಂಟ್ ಶೀಟೂ ಅದಕ್ಕೆ ಸಪಾಟು ನೆಲವೇ. ಇಂಥ ಕಡೆ ಅದೇ ಕಿಟಕಿಯಲ್ಲಿ ಸರಾಸರಿ ವಕ್ರತೆಯನ್ನೋ ಅತಿ ಚಿಕ್ಕ ತ್ರಿಜ್ಯವನ್ನೋ ಆರಿಸಬೇಕು. ಆಗ ಫಿಲೆಟ್ಟು ಸುತ್ತಲಿನಿಂದ ಕತ್ತರಿಸಿಟ್ಟ ಬಣ್ಣದ ಪಟ್ಟಿಯಾಗಿ ಕಾಣುತ್ತದೆ, ಹೊಸ ಅಂಚು ಒಂದರಿಂದ ಇನ್ನೊಂದಕ್ಕೆ ಕರಗುವ ಬಣ್ಣವಾಗಿ.

ಗಾಸ್ ನಕ್ಷೆ ನಿಜವಾಗಿ ಬೆಲೆ ಬಾಳುವುದು ಮೂಲೆಯಲ್ಲಿ. ಮೂರು ದುಂಡಗಿನ ಅಂಚುಗಳು ಬಂದು ಸೇರುವ ಡಬ್ಬದ ಮೂಲೆ ಎರಡೂ ದಿಕ್ಕಿಗೆ ಬಾಗಿರುತ್ತದೆ, ಅಲ್ಲಿ ಕೆಂಪಿರಬೇಕು. ಕೆಂಪಿನ ಸುತ್ತ ನೀಲಿಯ ಉಂಗುರವೊಂದು ಕಂಡರೆ ಅಲ್ಲಿ ಯಾರೂ ಬಯಸದ ತಗ್ಗಿದೆ. ಮೂರೂ ಕಡೆಯಿಂದ ಹೊಂದಿಸುವ ಅವಸರದಲ್ಲಿ ಮೇಲ್ಮೈ ಒಳಕ್ಕೆ ಕುಸಿದಿದೆ. ಜೀಬ್ರಾದಲ್ಲೂ ಇದು ಕಾಣುತ್ತದೆ, ಆದರೆ ಮೂಲೆಯಲ್ಲಿ ಪಟ್ಟಿಗಳು ಎಷ್ಟು ಒತ್ತಾಗಿರುತ್ತವೆಂದರೆ ತಗ್ಗು ಅವುಗಳ ನಡುವೆ ಅಡಗಿಬಿಡುತ್ತದೆ.

ಬಣ್ಣದ ಅಳತೆಪಟ್ಟಿಯನ್ನು ಯಾರು ಗೊತ್ತುಮಾಡಿದರು ಎಂಬುದನ್ನೂ ಕೇಳಿಕೊಳ್ಳಬೇಕು. ಹಿಂದೆ ಹೇಳಿದ ತಗಡಿನ ಅಲೆಯ ವಕ್ರತೆ ಹೆಚ್ಚೆಂದರೆ 0.00025. ಅದೇ ಮಾದರಿಯಲ್ಲಿ 12 ಮಿ.ಮೀ. ಫಿಲೆಟ್ ಇದ್ದರೆ ಅದರ ವಕ್ರತೆ ಇದರ ಮುನ್ನೂರು ಪಟ್ಟಿಗೂ ಹೆಚ್ಚು. ಇಡೀ ಮಾದರಿಗೆ ಹೊಂದುವಂತೆ ಅಳತೆಪಟ್ಟಿ ಹಾಕಿದರೆ ಅಲೆ ಒಂದೇ ಬಣ್ಣದಲ್ಲಿ ಮುಳುಗಿಹೋಗುತ್ತದೆ, ಬಾಚಣಿಗೆಯಲ್ಲೂ ಕಡ್ಡಿ ಕಣ್ಣಿಗೆ ಕಾಣದಷ್ಟು ಗಿಡ್ಡ. ದೊಡ್ಡ ಮೈಯನ್ನು ನೋಡುವಾಗ ಅಂಚುಗಳನ್ನು ಮರೆಮಾಡಿ, ಅಳತೆಪಟ್ಟಿಯನ್ನು ಆ ಮೈಗಷ್ಟೇ ಬಿಗಿ ಮಾಡಿಕೊಂಡು ನೋಡಬೇಕು. ಜೀಬ್ರಾಕ್ಕೆ ಈ ಅಡ್ಡಿ ಕಡಿಮೆ, ಮೈ ಸಪಾಟಾದಷ್ಟೂ ಪಟ್ಟಿ ಅಗಲವಾಗಿ ಸಣ್ಣ ಅಲೆಯೂ ಹಿಗ್ಗಿ ಕಾಣುತ್ತದೆ. ಹಾಗಾಗಿ ಮೊದಲು ಪಟ್ಟಿ, ಆಮೇಲೆ ಬಾಚಣಿಗೆ, ಕೊನೆಗೆ ಬಣ್ಣ ಎಂಬ ಕ್ರಮವೇ ನನಗೆ ಸರಿಯೆನಿಸುತ್ತದೆ.

‘ತಂತ್ರಾಂಶವೇ ವಾಲು ಹೊಂದಿದೆ ಎನ್ನುತ್ತಿದೆಯಲ್ಲ ಸರ್’ ಎಂದು ಕೆಲಸಕ್ಕೆ ಹೊಸದಾಗಿ ಸೇರಿದವರು ವಾದಿಸುವುದುಂಟು. ಅದು ಯಾವ ಸಡಿಲಿಕೆಯಲ್ಲಿ ಹಾಗೆನ್ನುತ್ತದೆ ಎಂಬುದನ್ನು ಅವರು ನೋಡಿರುವುದಿಲ್ಲ. ರೈನೋದ ಹೊಸ ಕಡತದಲ್ಲಿ ಕೋನದ ಸಡಿಲಿಕೆ ಸಾಮಾನ್ಯವಾಗಿ 1 ಡಿಗ್ರಿ. ಎರಡು ಮೇಲ್ಮೈಗಳ ವಾಲಿನಲ್ಲಿ ಮುಕ್ಕಾಲು ಡಿಗ್ರಿ ವ್ಯತ್ಯಾಸವಿದ್ದರೂ ಅದರ ಪ್ರಕಾರ ಹೊಂದಿಕೆಯಾಗಿದೆ. ಮೂರು ಮೀಟರ್ ಆಚೆಯ ದೀಪಕ್ಕೆ ಆ ಮುಕ್ಕಾಲು ಡಿಗ್ರಿ ಎಂದರೆ ಸುಮಾರು 8 ಸೆಂ.ಮೀ. ಸರಿತ, ಪ್ರತಿಬಿಂಬ ಕಣ್ಣಿಗೆ ಹೊಡೆಯುವಂತೆ ತುಂಡಾಗುತ್ತದೆ. ಹೊಳೆಯುವ ವಸ್ತು ಮಾಡುವವರು ಈ ಸಂಖ್ಯೆಯನ್ನು ಕೆಲಸ ಶುರುಮಾಡುವ ಮೊದಲೇ ಡಿಗ್ರಿಯ ಹತ್ತನೇ ಒಂದು ಭಾಗಕ್ಕೋ ಅದಕ್ಕೂ ಕಡಿಮೆಗೋ ಇಳಿಸಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ಮಾಡಿದ ಮೇಲೂ ಪರದೆಯ ಪಟ್ಟಿ ವಸ್ತುವಿನ ಮೇಲೆ ಹಾಗೇ ಮೂಡುತ್ತದೆಂದು ನಂಬುವಂತಿಲ್ಲ. ಕರಗಿದ ಪ್ಲಾಸ್ಟಿಕ್ ಅಚ್ಚಿನೊಳಗೆ ತಣಿಯುವಾಗ ಕುಗ್ಗುತ್ತದೆ. ಡಬ್ಬದ ಒಳಗೆ ಮೋಟಾರನ್ನು ಹಿಡಿಯುವ ಆನಿಕೆ ಪಟ್ಟಿಗಳು, ತಿರುಪಿನ ಗೂಟಗಳು ಗೋಡೆಗೆ ಸೇರುವಲ್ಲಿ ಪ್ಲಾಸ್ಟಿಕ್ ದಪ್ಪವಾಗಿರುತ್ತದೆ. ಅಲ್ಲಿ ನಿಧಾನ ತಣಿದು ಹೆಚ್ಚು ಕುಗ್ಗಿ ಹೊರಮೈಯಲ್ಲಿ ಸಣ್ಣ ಗುಳಿ ಬೀಳುತ್ತದೆ. ಅಚ್ಚಿನವರು ಇದನ್ನು ಸಿಂಕ್ ಮಾರ್ಕ್ ಎನ್ನುತ್ತಾರೆ. ನಮ್ಮ ಮಾದರಿಯ ಜೀಬ್ರಾದಲ್ಲಿ ಇದು ಕಾಣುವುದಿಲ್ಲ, ಏಕೆಂದರೆ ಮಾದರಿಗೆ ತಣಿಯುವುದು ಗೊತ್ತಿಲ್ಲ. ಆನಿಕೆ ಪಟ್ಟಿಯ ದಪ್ಪವನ್ನು ಗೋಡೆಯ ಅರ್ಧದಿಂದ ಶೇಕಡಾ 60ರೊಳಗೆ ಇಟ್ಟರೆ ಗುಳಿ ಕಡಿಮೆಯಾಗುತ್ತದೆ. 2.5 ಮಿ.ಮೀ. ಗೋಡೆಗೆ ಒಂದೂಕಾಲರಿಂದ ಒಂದೂವರೆ ಮಿ.ಮೀ. ಪಟ್ಟಿ. ಅಚ್ಚಿನಿಂದ ಬಂದ ಮೊದಲ ತುಂಡುಗಳನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ಓರೆಯಾಗಿ ತಿರುಗಿಸಿ ನೋಡಿದಾಗ ಗೆರೆ ಕೊಂಕಿದ್ದು ಒಳಗಿನ ಗೂಟದ ನೇರಕ್ಕೇ ಆಗಿದ್ದರೆ ತಪ್ಪು ಕುಗ್ಗುವಿಕೆಯದು. ಅಂಚಿನ ಕೂಡುಗೆರೆಯ ನೇರಕ್ಕಿದ್ದರೆ ಮಾದರಿಗೆ ಹಿಂತಿರುಗಿ ಬಾಚಣಿಗೆ ತೆರೆಯಬೇಕು.

ಎಲ್ಲ ಅಂಚಿಗೂ ಈ ಸೇವೆ ಬೇಕೇ ಎಂದರೆ, ಇಲ್ಲ. ಅದೇ ಮಿಕ್ಸಿಯ ಡಬ್ಬವನ್ನು ಹೊಳಪಿನ ಬದಲು ಮರಳು ಮರಳಾದ ಮಬ್ಬು ಮೈಯಲ್ಲಿ ಮಾಡಿದರೆ ಪ್ರತಿಬಿಂಬವೇ ಇರುವುದಿಲ್ಲ, 12 ಮಿ.ಮೀ. ಫಿಲೆಟ್ಟನ್ನು ಯಾರೂ ಬೆರಳು ಮಾಡಿ ತೋರಿಸುವುದಿಲ್ಲ. ತಳದ ಅಂಚು, ವೈರು ಹೊರಬರುವ ಹಿಂಬದಿ, ರಬ್ಬರ್ ಕಾಲಿನ ಸುತ್ತ, ಇಲ್ಲೆಲ್ಲ ಫಿಲೆಟ್ಟೇ ಸಾಕು, ಅಚ್ಚು ಕೊರೆಯುವವರಿಗೂ ಸುಲಭ. ಚೂಪು ಗೆರೆಯೇ ಬೇಕೆಂದು ವಿನ್ಯಾಸಕಾರ ಇಟ್ಟ ಕಡೆ ಪಟ್ಟಿ ತುಂಡಾಗಬೇಕು. ಅಲ್ಲಿ ಅರೆಬರೆ ಮಡಚಿದರೇ ತಪ್ಪು. ನಮ್ಮ ಡಬ್ಬದಲ್ಲಿ ಕೊನೆಗೆ 17 ಮಿ.ಮೀ. ಜಾಗ ತಿನ್ನುವ ಹೊಸ ಅಂಚು ಉಳಿದದ್ದು ಕಟ್ಟೆಯ ಮೇಲಿಟ್ಟಾಗ ಕಣ್ಣಿಗೆ ಬೀಳುವ ಮುಂಬದಿಗೂ ಎರಡು ಪಕ್ಕಗಳಿಗೂ. ಗೋಡೆಯ ಕಡೆಗಿರುವ ಹಿಂಬದಿಗೆ 12 ಮಿ.ಮೀ. ಫಿಲೆಟ್. ಎರಡು ಬಗೆಯ ಅಂಚುಗಳು ಒಂದರಿಂದ ಇನ್ನೊಂದಕ್ಕೆ ಬದಲಾಗುವ ಹಿಂಬದಿಯ ಎರಡು ಮೂಲೆಗಳನ್ನು ಮಾತ್ರ ತೆಳು ಪಟ್ಟಿಯ ಜೀಬ್ರಾ ಹಾಕಿ ಪ್ರತ್ಯೇಕವಾಗಿ ನೋಡಬೇಕು. ಇಡೀ ಡಬ್ಬದಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಅಲ್ಲೇ.